ಇನ್ವರ್ಟೆಡ್ ಪೇಜ್ ಟೇಬಲ್ ಚಿಕ್ಕದಾದರೂ ಮಲ್ಟಿಲೆವೆಲ್ ಗೆದ್ದದ್ದು ಯಾಕೆ?

ಪ್ರಶ್ನೆ: ಪೇಜ್ ಟೇಬಲ್ ದೊಡ್ಡದಾಗುತ್ತೆ ಅಂತ ಅದನ್ನ ನಾಲ್ಕು ಹಂತ ಮಾಡ್ತಾರೆ. ಆದ್ರೆ ಹಂತ ಜಾಸ್ತಿ ಆದ್ರೆ ಟೇಬಲ್‌ಗಳೂ ಜಾಸ್ತಿ ಆಗಲ್ವಾ? ಉಳಿತಾಯ ಎಲ್ಲಿಂದ ಬಂತು? ಇನ್ವರ್ಟೆಡ್ ಪೇಜ್ ಟೇಬಲ್ ಅಷ್ಟು ಚಿಕ್ಕದು ಅಂದ್ಮೇಲೆ ಎಲ್ಲರೂ ಅದನ್ನೇ ಯಾಕೆ ಬಳಸಲ್ಲ?

ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ಅಡ್ರೆಸ್ ಸ್ಪೇಸ್ ಪೂರ್ತಿ ತುಂಬಿದ್ದರೆ ಹಂತ ಮಾಡಿ ಒಂದು ಬೈಟ್ ಕೂಡ ಉಳಿಯುವುದಿಲ್ಲ, ಇನ್ನೂ ಜಾಸ್ತಿಯೇ ಬೇಕಾಗುತ್ತದೆ. ಪ್ರೋಗ್ರಾಂನ ಒಂದೊಂದು ವರ್ಚುವಲ್ ಪೇಜ್ ಫಿಸಿಕಲ್ ಮೆಮೊರಿಯ ಯಾವ ಫ್ರೇಮ್‌ನಲ್ಲಿ, ಅಂದರೆ ಪೇಜ್ ಗಾತ್ರದ ಯಾವ ತುಂಡಿನಲ್ಲಿ ಇದೆ ಎಂದು ಹೇಳುವ ಪಟ್ಟಿಯೇ ಪೇಜ್ ಟೇಬಲ್. ಲೆಕ್ಕ ಹಾಕಿಯೇ ನೋಡೋಣ.

x86-64ರಲ್ಲಿ ವರ್ಚುವಲ್ ಅಡ್ರೆಸ್ ಸಾಮಾನ್ಯವಾಗಿ 48 ಬಿಟ್. ಪೇಜ್ 4 ಕೆಬಿ, ಅಂದರೆ ಕೊನೆಯ 12 ಬಿಟ್ ಪೇಜಿನ ಒಳಗಿನ ಆಫ್‌ಸೆಟ್. ಉಳಿದ 36 ಬಿಟ್ ಪೇಜ್ ನಂಬರ್. ಒಂದೇ ಸಪಾಟಾದ ಟೇಬಲ್ ಇಟ್ಟರೆ 2^36 ಎಂಟ್ರಿ ಬೇಕು. ಒಂದೊಂದೂ 8 ಬೈಟ್. ಗುಣಿಸಿದರೆ 512 ಜಿಬಿ, ಅದೂ ಒಂದೊಂದು ಪ್ರೊಸೆಸ್‌ಗೂ ಬೇರೆ ಬೇರೆ. ಇದನ್ನೇ ನಾಲ್ಕು ಹಂತ ಮಾಡಿ ಎಲ್ಲ ಎಂಟ್ರಿಗಳನ್ನೂ ತುಂಬಿದರೆ ಕೊನೆಯ ಹಂತಕ್ಕೆ ಅದೇ 512 ಜಿಬಿ, ಅದರ ಮೇಲಿನದಕ್ಕೆ 1 ಜಿಬಿ, ಅದರ ಮೇಲೆ 2 ಎಂಬಿ, ತುದಿಯಲ್ಲಿ 4 ಕೆಬಿ. ಒಟ್ಟು ಖರ್ಚು ಏರಿತು, ಇಳಿಯಲಿಲ್ಲ.

ಆದರೆ ಯಾವ ಪ್ರೊಸೆಸ್ ತಾನೇ ಅಷ್ಟು ಜಾಗ ತುಂಬುತ್ತದೆ? ಕೆಳಗಡೆ ಒಂದಿಷ್ಟು ಕೋಡ್ ಮತ್ತು ಡೇಟಾ, ತುತ್ತತುದಿಯಲ್ಲಿ ಸ್ಟ್ಯಾಕ್, ನಡುವೆ ಲಕ್ಷಕ್ಕೂ ಹೆಚ್ಚು ಜಿಬಿಯಷ್ಟು ಖಾಲಿ. ಸಪಾಟು ಟೇಬಲ್‌ನ ತೊಂದರೆ ಇರುವುದು ಇಲ್ಲೇ. ಅದು ಒಂದು ಅರೇ. ಕೊನೆಯ ಎಂಟ್ರಿ ಬೇಕಾದರೆ ನಡುವಿನದೆಲ್ಲ ಇರಲೇಬೇಕು. ಮಲ್ಟಿಲೆವೆಲ್ ಮಾಡುವುದು ಇಷ್ಟೇ: ಆ ಅರೇಯನ್ನು 4 ಕೆಬಿ ತುಂಡುಗಳಾಗಿ ಕತ್ತರಿಸುತ್ತದೆ, ಪೂರ್ತಿ ಖಾಲಿ ಇರುವ ತುಂಡನ್ನು ಹುಟ್ಟಿಸುವುದೇ ಇಲ್ಲ. ಮೇಲಿನ ಹಂತದಲ್ಲಿ ಆ ತುಂಡಿನ ಜಾಗದಲ್ಲಿ "ಇಲ್ಲ" ಎಂದು ಬರೆದರೆ ಮುಗಿಯಿತು.

ಒಂದು ಉದಾಹರಣೆ ತೆಗೆದುಕೊಳ್ಳಿ. ಲೈಬ್ರರಿ ಯಾವುದನ್ನೂ ಬೇರೆಯಾಗಿ ಲೋಡ್ ಮಾಡದ ಒಂದು ಪುಟ್ಟ ಪ್ರೋಗ್ರಾಂ. ಅದರ ಕೋಡ್ ಮತ್ತು ಡೇಟಾ 0x400000 ಇಂದ ಶುರುವಾಗಿ 0x600000 ದಾಟುವುದಿಲ್ಲ ಅಂತಿಟ್ಟುಕೊಳ್ಳಿ. ಸ್ಟ್ಯಾಕ್ 0x7ffffffde000 ಇಂದ 0x7ffffffff000 ತನಕ ಇದೆ. 36 ಬಿಟ್ಟನ್ನು 9, 9, 9, 9 ಎಂದು ಒಡೆಯಬೇಕು. ಒಂದು ಟೇಬಲ್‌ನಲ್ಲಿ 512 ಎಂಟ್ರಿ, ಎಂಟ್ರಿಗೆ 8 ಬೈಟ್, ಅಂದರೆ ಸರಿಯಾಗಿ ಒಂದು ಪೇಜ್. 9 ಬಿಟ್ ಎಂಬ ಲೆಕ್ಕ ಬಂದದ್ದೂ ಹೀಗೆಯೇ.

```
0x403a10        ->   0,   0,   2,   3   offset 0xa10
0x7ffffffde000  -> 255, 511, 511, 478   offset 0x000
```

ಮೊದಲ ಅಡ್ರೆಸ್ ಹುಡುಕುವಾಗ ಪ್ರೊಸೆಸರ್ CR3 ರಿಜಿಸ್ಟರ್ ನೋಡಿ ತುದಿಯ ಟೇಬಲ್‌ಗೆ ಹೋಗುತ್ತದೆ. ಅಲ್ಲಿ 0ನೇ ಎಂಟ್ರಿ, ಅದು ತೋರಿಸಿದ ಟೇಬಲ್‌ನಲ್ಲಿ ಮತ್ತೆ 0, ಮುಂದಿನದರಲ್ಲಿ 2, ಕೊನೆಯದರಲ್ಲಿ 3. ಅಲ್ಲಿ ಸಿಕ್ಕ ಫ್ರೇಮ್ ನಂಬರಿಗೆ 0xa10 ಜೋಡಿಸಿದರೆ ಫಿಸಿಕಲ್ ಅಡ್ರೆಸ್ ಸಿದ್ಧ. ಕೋಡ್ ಮತ್ತು ಡೇಟಾ ಇರುವ 2 ಎಂಬಿ ಪೂರ್ತಿ ಒಂದೇ ಕೊನೆಯ ಟೇಬಲ್‌ನಲ್ಲಿ ಕೂರುತ್ತದೆ. ಸ್ಟ್ಯಾಕಿನ 33 ಪೇಜ್‌ಗಳೂ ಅಷ್ಟೇ, 478 ರಿಂದ 510 ತನಕ ಒಂದೇ ಟೇಬಲ್. ಹಾಗಾಗಿ ತುದಿಯದು ಒಂದು, ಕೆಳಗಿನ ಭಾಗಕ್ಕೆ ಮೂರು, ಸ್ಟ್ಯಾಕಿಗೆ ಮೂರು. ಒಟ್ಟು 7 ಟೇಬಲ್, 28 ಕೆಬಿ. ಕರ್ನಲ್ ಭಾಗದ ಟೇಬಲ್‌ಗಳನ್ನು ಎಲ್ಲ ಪ್ರೊಸೆಸ್‌ಗಳೂ ಹಂಚಿಕೊಳ್ಳುವುದರಿಂದ ಅವನ್ನು ಇಲ್ಲಿ ಎಣಿಸಿಲ್ಲ. 512 ಜಿಬಿ ಎಲ್ಲಿ, 28 ಕೆಬಿ ಎಲ್ಲಿ!

ಲಿನಕ್ಸ್ ಇದ್ದರೆ ನಿಮ್ಮ ಯಂತ್ರದಲ್ಲೇ ನೋಡಬಹುದು:

```
grep VmPTE /proc/self/status
grep ^PageTables /proc/meminfo
```

ಮೊದಲನೆಯದು ಆ ಒಂದು ಪ್ರೊಸೆಸ್‌ನ ಪೇಜ್ ಟೇಬಲ್ ಖರ್ಚು, ಎರಡನೆಯದು ಇಡೀ ಸಿಸ್ಟಮ್‌ನದು. ಚಿಕ್ಕ ಕಮಾಂಡ್‌ಗಳಿಗೆ ಹತ್ತಾರು ಕೆಬಿ ಬರುತ್ತದೆ, ಯಾಕೆಂದರೆ ನಿಜವಾದ ಪ್ರೋಗ್ರಾಂಗಳು ಲೈಬ್ರರಿಗಳನ್ನೂ ಮ್ಯಾಪ್ ಮಾಡಿಕೊಂಡಿರುತ್ತವೆ.

ಅಂದರೆ ಮಲ್ಟಿಲೆವೆಲ್ ಪೂರ್ತಿಯಾಗಿ ಒಂದು ನಂಬಿಕೆಯ ಮೇಲೆ ನಿಂತಿದೆ: ಬಳಸುವ ಪೇಜ್‌ಗಳು ಗುಂಪುಗುಂಪಾಗಿ ಇರುತ್ತವೆ ಎಂಬುದು. ಅದನ್ನು ಬೇಕಂತಲೇ ಮುರಿಯಬಹುದು. 1 ಟಿಬಿ ಜಾಗ ಮ್ಯಾಪ್ ಮಾಡಿ, ಪ್ರತಿ 2 ಎಂಬಿಗೆ ಒಂದೇ ಒಂದು ಪೇಜ್ ಮುಟ್ಟುತ್ತಾ ಹೋಗಿ. 5,24,288 ಪೇಜ್ ಆಗುತ್ತವೆ, ಡೇಟಾ 2 ಜಿಬಿ. ಪ್ರತಿಯೊಂದಕ್ಕೂ ಒಂದೊಂದು ಕೊನೆಯ ಟೇಬಲ್ ಬೇಕಾದ್ದರಿಂದ ಪೇಜ್ ಟೇಬಲ್‌ಗೂ 2 ಜಿಬಿ! ಪ್ರತಿ ಟೇಬಲ್‌ನಲ್ಲಿ 511 ಎಂಟ್ರಿ ಸುಮ್ನೆ ಖಾಲಿ ಕೂತಿರುತ್ತವೆ.

ಇನ್ವರ್ಟೆಡ್ ಟೇಬಲ್‌ಗೆ ಈ ತಲೆನೋವೇ ಇಲ್ಲ. ಅದು ಎಣಿಸುವುದು ವರ್ಚುವಲ್ ಪೇಜ್‌ಗಳನ್ನಲ್ಲ, ಫಿಸಿಕಲ್ ಫ್ರೇಮ್‌ಗಳನ್ನು. 16 ಜಿಬಿ ರ‍್ಯಾಮ್ ಇದ್ದರೆ 41,94,304 ಫ್ರೇಮ್. ಎಂಟ್ರಿಗೆ 16 ಬೈಟ್ ಹಿಡಿದರೆ 64 ಎಂಬಿ. ಇಡೀ ಯಂತ್ರಕ್ಕೆ ಒಂದೇ ಟೇಬಲ್. ಪ್ರೊಸೆಸ್ ಹತ್ತು ಇರಲಿ ಸಾವಿರ ಇರಲಿ, ಅಡ್ರೆಸ್ 48 ಬಿಟ್ ಇರಲಿ 64 ಇರಲಿ, ಅದು 64 ಎಂಬಿಯೇ. ಐಬಿಎಂನ ಸಿಸ್ಟಮ್/38, ಆಮೇಲೆ ಐಬಿಎಂ ಆರ್‌ಟಿ ಈ ದಾರಿ ಹಿಡಿದಿದ್ದವು. ರ‍್ಯಾಮ್ ಕಡಿಮೆ, ಅಡ್ರೆಸ್ ಸ್ಪೇಸ್ ದೊಡ್ಡದು ಎಂಬ ಕಾಲಕ್ಕೆ ಅದು ಒಳ್ಳೆಯ ಆಯ್ಕೆಯೇ ಆಗಿತ್ತು.

ಹುಡುಕುವುದು ಹೇಗೆ ಎಂಬುದು ಮೊದಲ ತೊಡಕು. ನಮ್ಮ ಕೈಯಲ್ಲಿರುವುದು ಪ್ರೊಸೆಸ್ ಐಡಿ ಮತ್ತು ಪೇಜ್ ನಂಬರ್. ಟೇಬಲ್ ಇರುವುದು ಫ್ರೇಮ್ ನಂಬರಿನ ಕ್ರಮದಲ್ಲಿ. ಮೊದಲಿಂದ ಕೊನೆ ತನಕ ಹುಡುಕಲು ಆಗುತ್ತದೆಯೇ? ಅದಕ್ಕೇ ಹ್ಯಾಶ್. ಐಡಿ ಮತ್ತು ಪೇಜ್ ನಂಬರ್ ಸೇರಿಸಿ ಹ್ಯಾಶ್ ಮಾಡಿದರೆ ಒಂದು ಆ್ಯಂಕರ್ ಸಿಗುತ್ತದೆ. ಅದು ಒಂದು ಎಂಟ್ರಿಯನ್ನು ತೋರಿಸುತ್ತದೆ. ಅಲ್ಲಿ ಬರೆದಿರುವ ಐಡಿ ಮತ್ತು ಪೇಜ್ ನಂಬರ್ ಹೊಂದಿದರೆ ಆ ಎಂಟ್ರಿ ಎಷ್ಟನೆಯದೋ ಅದೇ ಫ್ರೇಮ್ ನಂಬರ್. ಹೊಂದದಿದ್ದರೆ ಸರಪಳಿಯಲ್ಲಿ ಮುಂದಿನದು. ಫ್ರೇಮ್‌ಗಳಷ್ಟೇ ಆ್ಯಂಕರ್ ಇಟ್ಟರೆ ಸರಾಸರಿ ಒಂದೂವರೆ ಎಂಟ್ರಿ ನೋಡಿದರೆ ಸಾಕು. ಆ್ಯಂಕರ್ ಓದಿದ್ದೂ ಸೇರಿ ಎರಡೂವರೆ ಸಲ ಮೆಮೊರಿಗೆ ಹೋಗಬೇಕು. ಮಲ್ಟಿಲೆವೆಲ್‌ನ ನಾಲ್ಕಕ್ಕಿಂತ ಕಡಿಮೆಯೇ ಆಯಿತಲ್ವಾ?

ಕಾಗದದ ಮೇಲೆ ಹೌದು. ಆದರೆ ಈಚೆಗೆ ಹುಡುಕಿದ ಫ್ರೇಮ್ ನಂಬರ್‌ಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಟಿಎಲ್‌ಬಿ ಎಂಬ ಪುಟ್ಟ ಕ್ಯಾಶ್‌ನಲ್ಲಿ ಸಿಗದೇ ಹೋದಾಗ ಮಾತ್ರ ಈ ಹುಡುಕಾಟ ನಡೆಯುತ್ತದೆ. ಆಗಲೂ ಮಲ್ಟಿಲೆವೆಲ್‌ನ ಮೇಲಿನ ಹಂತದ ಎಂಟ್ರಿಗಳನ್ನು ಪ್ರೊಸೆಸರ್ ತನ್ನಲ್ಲೇ ಕ್ಯಾಶ್ ಮಾಡಿಕೊಂಡಿರುತ್ತದೆ, ಎಷ್ಟೋ ಸಲ ಕೊನೆಯ ಎಂಟ್ರಿ ಒಂದನ್ನೇ ಓದಿದರೆ ಸಾಕು. ಅಕ್ಕಪಕ್ಕದ 8 ಪೇಜ್‌ಗಳ ಎಂಟ್ರಿ ಒಂದೇ 64 ಬೈಟ್ ಕ್ಯಾಶ್ ಲೈನ್‌ನಲ್ಲಿ ಇರುತ್ತವೆ. ಒಂದನ್ನು ಓದಿದರೆ ಉಳಿದ ಏಳೂ ಜೊತೆಗೆ ಬಂದವು. ಒಳ್ಳೆಯ ಹ್ಯಾಶ್ ಮಾಡುವ ಕೆಲಸವೇ ಅಕ್ಕಪಕ್ಕದವನ್ನು ಚೆಲ್ಲಾಪಿಲ್ಲಿ ಮಾಡುವುದು, ಹಾಗಾಗಿ ಈ ಲಾಭ ಅಲ್ಲಿ ಇಲ್ಲ.

ಇಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ನನ್ನ ಪ್ರಕಾರ ಇನ್ವರ್ಟೆಡ್‌ಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಹಂಚಿಕೆ. ಒಂದು ಫ್ರೇಮ್‌ಗೆ ಒಂದೇ ಎಂಟ್ರಿ, ಒಂದು ಎಂಟ್ರಿಯಲ್ಲಿ ಒಂದೇ ಐಡಿ. ಈಗ ಒಂದು ಪ್ರೊಸೆಸ್ `fork()` ಮಾಡಿ ತನ್ನದೇ ಪ್ರತಿಯಾದ ಮಗ ಪ್ರೊಸೆಸ್ ಹುಟ್ಟಿಸಿತು ಅಂತಿಟ್ಟುಕೊಳ್ಳಿ. ಯಾರಾದರೂ ಬರೆಯುವ ತನಕ ಎರಡೂ ಪ್ರೊಸೆಸ್‌ಗಳು ಅದೇ ಫ್ರೇಮ್‌ಗಳನ್ನು ಓದುತ್ತಿರಬೇಕು. ಟೇಬಲ್‌ನಲ್ಲಿ ಯಾರ ಐಡಿ ಬರೆಯುವುದು? ಅಪ್ಪನ ಐಡಿ ಇದ್ದರೆ ಮಗನಿಗೆ ಪೇಜ್ ಫಾಲ್ಟ್. ಅದನ್ನು ಸರಿಪಡಿಸಿ ಮಗನ ಐಡಿ ಬರೆದರೆ ಮುಂದಿನ ಸರದಿಯಲ್ಲಿ ಅಪ್ಪನಿಗೆ ಫಾಲ್ಟ್. ಎಲ್ಲರೂ ಬಳಸುವ ಲೈಬ್ರರಿಗಳ ಗತಿಯೂ ಇದೇ. ಸೆಗ್‌ಮೆಂಟ್ ಮೂಲಕ ಎಲ್ಲ ಪ್ರೊಸೆಸ್‌ಗೂ ಒಂದೇ ಜಾಗತಿಕ ವರ್ಚುವಲ್ ಅಡ್ರೆಸ್ ಕೊಟ್ಟು ಇದನ್ನು ದಾಟಬಹುದು, ಐಬಿಎಂ ಮಾಡಿದ್ದು ಅದನ್ನೇ. ಆದರೆ ಹಂಚಿಕೆ ಸೆಗ್‌ಮೆಂಟ್ ಲೆಕ್ಕದಲ್ಲಿ ನಡೆಯಬೇಕಾಗುತ್ತದೆ, ಪೇಜ್ ಲೆಕ್ಕದಲ್ಲಿ ಅಲ್ಲ.

ಇನ್ನೊಂದು ವಿಷಯ. ರ‍್ಯಾಮ್‌ನಲ್ಲಿ ಇಲ್ಲದ ಪೇಜಿಗೆ ಇನ್ವರ್ಟೆಡ್ ಟೇಬಲ್‌ನಲ್ಲಿ ಜಾಗವೇ ಇಲ್ಲ. ಅದು ಸ್ವಾಪ್‌ನಲ್ಲಿ ಎಲ್ಲಿದೆ, ಯಾವ ಫೈಲಿನಿಂದ ಬರಬೇಕು ಎಂಬುದನ್ನು ಬರೆದಿಡಲು ಪ್ರತಿ ಪ್ರೊಸೆಸ್‌ಗೂ ಬೇರೆ ಪಟ್ಟಿ ಬೇಕು. ಪವರ್‌ಪಿಸಿ ಮೇಲಿನ ಲಿನಕ್ಸ್ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿನ ಹಾರ್ಡ್‌ವೇರ್ ಹ್ಯಾಶ್ ಟೇಬಲ್ ಕೇಳುತ್ತಿತ್ತು. ಅದು ಫ್ರೇಮ್‌ಗೆ ಒಂದೇ ಎಂಟ್ರಿ ಎಂಬ ಕಟ್ಟುನಿಟ್ಟಿನದಲ್ಲ, ಒಂದು ಗುಂಪಿಗೆ 8 ಎಂಟ್ರಿ ಇರುವ, ಸ್ವಲ್ಪ ಸಡಿಲವಾದ ತಮ್ಮ. ಲಿನಕ್ಸ್ ತನ್ನ ಎಂದಿನ ಮಲ್ಟಿಲೆವೆಲ್ ಟೇಬಲ್‌ಗಳನ್ನು ಹಾಗೇ ಇಟ್ಟುಕೊಂಡು, ಹಾರ್ಡ್‌ವೇರಿನ ಹ್ಯಾಶ್ ಟೇಬಲನ್ನು ಅದರ ಕ್ಯಾಶ್‌ನಂತೆ ಬಳಸಿತು. ಅಂದರೆ ಎರಡೂ ಖರ್ಚು! 2017ರಲ್ಲಿ ಬಂದ ಪವರ್9 ಮಲ್ಟಿಲೆವೆಲ್ ರೇಡಿಕ್ಸ್ ಟೇಬಲನ್ನೂ ಬೆಂಬಲಿಸಿತು.

ಹಾಗಂತ ಮಲ್ಟಿಲೆವೆಲ್‌ನಲ್ಲಿ ಗಾತ್ರದ ಸಮಸ್ಯೆ ಮುಗಿದಿಲ್ಲ. ಅದು ಹೆಚ್ಚಾಗಿ ಕಾಣುವುದು ದೊಡ್ಡ ಡೇಟಾಬೇಸ್ ಸರ್ವರ್‌ಗಳಲ್ಲಿ, ಅದರಲ್ಲೂ ಪ್ರತಿ ಕನೆಕ್ಷನ್‌ಗೂ ಒಂದು ಪ್ರೊಸೆಸ್ ಇರುವ ಕಡೆ. 64 ಜಿಬಿ ಶೇರ್ಡ್ ಮೆಮೊರಿ ಇದೆ ಅಂದುಕೊಳ್ಳಿ. ಅದನ್ನು ಪೂರ್ತಿ ಮುಟ್ಟಿದ ಪ್ರೊಸೆಸ್‌ಗೆ 1.6 ಕೋಟಿಗೂ ಜಾಸ್ತಿ ಎಂಟ್ರಿ ಬೇಕು, ಅಂದರೆ 128 ಎಂಬಿ. ಡೇಟಾ ಹಂಚಿಕೆಯಾಗಿದೆ, ಪೇಜ್ ಟೇಬಲ್ ಆಗಿಲ್ಲ. 500 ಕನೆಕ್ಷನ್ ಇದ್ದರೆ 62.5 ಜಿಬಿ ಬರೀ ಪೇಜ್ ಟೇಬಲ್‌ಗೆ ಹೋಯಿತು. ಲಕ್ಷಣ ಹೀಗಿರುತ್ತದೆ: ಪ್ರೊಸೆಸ್‌ಗಳ ಮೆಮೊರಿ ಕೂಡಿಸಿದರೆ ಲೆಕ್ಕ ಸಿಗುವುದಿಲ್ಲ, ಫ್ರೀ ಮೆಮೊರಿ ಮಾತ್ರ ದಿನದಿಂದ ದಿನಕ್ಕೆ ಕರಗುತ್ತದೆ. ಆಗ ಮೇಲೆ ಹೇಳಿದ `PageTables` ಸಾಲು ನೋಡಿ, ಅಲ್ಲಿ ಜಿಬಿಗಟ್ಟಲೆ ಕಾಣಿಸಿದರೆ ಕಳ್ಳ ಸಿಕ್ಕಿದಂತೆ.

ಇದಕ್ಕೆ ಮದ್ದು 2 ಎಂಬಿ ಹ್ಯೂಜ್ ಪೇಜ್. ಮೂರನೇ ಹಂತದ ಎಂಟ್ರಿಯೇ ನೇರವಾಗಿ 2 ಎಂಬಿ ಮೆಮೊರಿಯನ್ನು ತೋರಿಸುತ್ತದೆ, ನಾಲ್ಕನೇ ಹಂತ ಬೇಡವೇ ಬೇಡ. ಅದೇ 64 ಜಿಬಿಗೆ 32,768 ಎಂಟ್ರಿ, ಅಂದರೆ ಪ್ರೊಸೆಸ್‌ಗೆ 256 ಕೆಬಿ. 500 ಕನೆಕ್ಷನ್‌ಗೆ 125 ಎಂಬಿ. ಈ ಪೇಜ್‌ಗಳನ್ನು ಮೊದಲೇ ಕಾದಿರಿಸಬೇಕು, ಸರ್ವರ್ ಶುರುವಾದ ತಕ್ಷಣ ಮಾಡುವುದು ಒಳ್ಳೆಯದು. ಮೆಮೊರಿ ಚೂರುಚೂರಾದ ಮೇಲೆ ಒಟ್ಟಿಗೆ 2 ಎಂಬಿ ಖಾಲಿ ಜಾಗ ಸಿಗುವುದು ಕಷ್ಟ.