ಮೋಲ್ಡ್‌ಗೆ ಎಷ್ಟು ಆರ್‌ಎಂಸಿ ಹೇಳಬೇಕು?

ಹಾಸನದಲ್ಲಿ 30x40 ಮೋಲ್ಡ್, 5 ಇಂಚು ದಪ್ಪ. ಲೆಕ್ಕಕ್ಕೆ 14.2 ಕ್ಯೂಬಿಕ್ ಮೀಟರ್ ಬಂತು. ಅಷ್ಟೇ ಹೇಳಲಾ?

ಸಾಲುವುದಿಲ್ಲ. ಇದು ಬರೀ ಸ್ಲ್ಯಾಬಿನದು, ಕೆಳಗಿಳಿದ ಬೀಮ್‌ಗಳದ್ದು ಬೇರೆ. ಅದು 2 ಅಂದುಕೊಂಡರೆ 16.2 ಆಯಿತು.

ಜಾಸ್ತಿ ನುಂಗುವುದು ಸೆಂಟ್ರಿಂಗ್. ಕಂಬಿ ಕಟ್ಟುವ ಮೊದಲೇ ದಾರ ಎಳೆದು, ದಾರದಿಂದ ಶೀಟಿಗೆ ಎಷ್ಟಿದೆ ಎಂದು ಹಲವು ಕಡೆ ಅಳೆಯಿರಿ. ಸರಾಸರಿ 5 ಮಿಲಿಮೀಟರ್ ತಗ್ಗಿದ್ದರೂ 0.56 ಹೋಯಿತು! 30 ಮೀಟರ್ ಉದ್ದ, 5 ಇಂಚಿನ ಪಂಪ್ ಪೈಪಿನಲ್ಲೇ ಸುಮಾರು 0.37 ನಿಲ್ಲುತ್ತದೆ. ಹಾಪರ್ ತಳಕ್ಕೆ, ಚೆಲ್ಲುವುದಕ್ಕೆ ಸೇರಿ 0.4 ಇಡಿ. ಒಟ್ಟು ಹದಿನೇಳೂವರೆ.

ಆದರೆ ಪೂರ್ತಿ ಒಂದೇ ಸಲ ಹೇಳಬೇಡಿ. 6 ಕ್ಯೂಬಿಕ್‌ನ ಎರಡು ಗಾಡಿ ಗಟ್ಟಿ ಮಾಡಿ. ಎರಡನೆಯದು ಅರ್ಧ ಖಾಲಿಯಾದಾಗ ಉಳಿದ ಜಾಗ ಅಳೆದು, ಮೂರನೆಯದರಲ್ಲಿ ಎಷ್ಟು ಬೇಕೆಂದು ಪ್ಲಾಂಟಿಗೆ ಫೋನ್ ಮಾಡಿ. ಪ್ಲಾಂಟ್ ದೂರವಿದ್ದರೆ ಇನ್ನೂ ಬೇಗ. ಗಾಡಿ ತಡವಾದರೆ ಹಾಕಿದ ಅಂಚು ಗಟ್ಟಿಯಾಗಿ, ಅಲ್ಲೇ ಮಳೆಗಾಲದಲ್ಲಿ ಸೋರುತ್ತದೆ.