ಆಂಟಿವೈರಸ್ ರಿನ್ಯೂವಲ್ ಬಿಲ್ ಬಂದರೆ ನಿಜವೋ ಸುಳ್ಳೋ ನೋಡುವುದು ಹೇಗೆ?

ಪ್ರಶ್ನೆ: "ಆಂಟಿವೈರಸ್ ರಿನ್ಯೂವಲ್, ನಾಳೆ ₹24,999 ಕಟ್ ಆಗುತ್ತದೆ, ಬೇಡವಾದರೆ ಈ ನಂಬರಿಗೆ ಕರೆ ಮಾಡಿ" ಅಂತ ಅಪ್ಪನಿಗೆ ಇಮೇಲ್ ಬಂದಿದೆ. ಕರೆ ಮಾಡಬಹುದಾ?

ಉತ್ತರ: ಬೇಡ. ಆ ನಂಬರೇ ಬಲೆ. ಇಂಥ ಬಿಲ್‌ನಲ್ಲಿ ಹೆಚ್ಚಾಗಿ ಲಿಂಕ್ ಇರುವುದಿಲ್ಲ, ಹಾಗಾಗಿ ಸ್ಪ್ಯಾಮ್ ಫಿಲ್ಟರ್‌ಗೂ ಸುಲಭವಾಗಿ ಸಿಗುವುದಿಲ್ಲ. ಗಾಬರಿಯಾಗಿ ನೀವೇ ಕರೆ ಮಾಡಬೇಕು, ಅದೇ ಅವರ ಲೆಕ್ಕ.

ಮೊದಲು ಬ್ಯಾಂಕ್ ಕಡೆಯಿಂದ ನೋಡಿ. ಯುಪಿಐ ಆ್ಯಪ್‌ನಲ್ಲಿ 'ಆಟೋಪೇ', ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಮ್ಯಾಂಡೇಟ್ ಪಟ್ಟಿ, ಅಂದರೆ ಹಣ ತಾನಾಗಿ ಕಟ್ ಆಗಲು ನೀವು ಕೊಟ್ಟ ಒಪ್ಪಿಗೆಗಳ ಪಟ್ಟಿ ತೆರೆಯಿರಿ. ಅಲ್ಲಿ ಆ ಕಂಪನಿ ಹೆಸರಿದೆಯಾ? ಇನ್ನೊಂದು ಸುಳಿವು ಮೊತ್ತದಲ್ಲೇ ಇದೆ. ಆರ್‌ಬಿಐ ನಿಯಮದ ಪ್ರಕಾರ, ಭಾರತದ ಕಾರ್ಡಿನಿಂದ ಇಂಥ ಚಂದಾ ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕೇ ತಿಳಿಸಬೇಕು. ₹15,000 ದಾಟಿದರೆ ಒಟಿಪಿಯೂ ಬೇಕು. ಅಂದರೆ ಈ ₹24,999 ಸುಮ್ನೆ ಹೋಗಿಬಿಡುವುದಿಲ್ಲ, ಅಪ್ಪ ಒಟಿಪಿ ಕೊಡದಿದ್ದರೆ ಸಾಕು.

ಆ ಆಂಟಿವೈರಸ್ ನಿಜಕ್ಕೂ ಕೊಂಡಿದ್ದರೆ, ಬ್ರೌಸರ್‌ನಲ್ಲಿ ವಿಳಾಸವನ್ನು ನೀವೇ ಟೈಪ್ ಮಾಡಿ ಲಾಗಿನ್ ಆಗಿ, ರಿನ್ಯೂವಲ್ ದಿನ ನೋಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲೂ ನಕಲಿ ಇರುತ್ತವೆ.

ಅಪ್ಪ ಆಗಲೇ ಕರೆ ಮಾಡಿಬಿಟ್ಟಿದ್ದಾರಾ? ಸಾಮಾನ್ಯವಾಗಿ "ಕ್ಯಾನ್ಸಲ್ ಮಾಡಿಕೊಡ್ತೀವಿ" ಅಂತ, ದೂರದಿಂದಲೇ ನಿಮ್ಮ ಸಾಧನ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುತ್ತಾರೆ. ಆಮೇಲೆ "ರೀಫಂಡ್ ಜಾಸ್ತಿ ಬಂದಿದೆ, ವಾಪಸ್ ಕಳಿಸಿ" ಎನ್ನುತ್ತಾರೆ. ಪರದೆ ಮೇಲಿನ ಅಂಕಿ ಅವರೇ ತಿದ್ದಿದ್ದು! ತಕ್ಷಣ ಇಂಟರ್ನೆಟ್ ಆಫ್ ಮಾಡಿ, ಆ ಆ್ಯಪ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ.