ಬೋರ್‌ವೆಲ್ ಎಂದು ಹುಡುಕಿದರೆ ಬೋರ್ವೆಲ್ ಸಿಗುವುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹದ ಕೆಲಸ ಮಾಡುವ ನಾವು ಮೂವರಿದ್ದೇವೆ. ಜಾಲತಾಣಗಳಲ್ಲಿ ನೀರಿನ ಚರ್ಚೆ ಜೋರಾದದ್ದು ನಮಗೆ ತಿಳಿಯುವುದೇ ಮರುದಿನ. ಎಕ್ಸ್‌ನಲ್ಲಿ ತಾನಾಗಿ ಹುಡುಕುವ ವ್ಯವಸ್ಥೆ ಮಾಡಿಕೊಂಡರೂ ಮುಖ್ಯವಾದ ಮಾತುಗಳು ತಪ್ಪಿಹೋಗುತ್ತಿವೆ. ಏನು ಮಾಡಬೇಕು?

ಉತ್ತರ: ತೊಂದರೆ ಬಹುಶಃ ಹುಡುಕಾಟದ ವೇಳೆಯಲ್ಲಿಲ್ಲ, ಪದಗಳಲ್ಲಿದೆ. ‘ಬೋರ್‌ವೆಲ್’ ಎಂಬುದನ್ನು ಕೆಲವರು ರ್ ಮತ್ತು ವೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರಸಂಕೇತ ಸೇರಿಸಿ ಬರೆಯುತ್ತಾರೆ, ಕೆಲವರು ಅದಿಲ್ಲದೆ ‘ಬೋರ್ವೆಲ್’ ಎಂದು ಒತ್ತಕ್ಷರವಾಗಿಸುತ್ತಾರೆ. ಓದುವವರಿಗೆ ಎರಡೂ ಒಂದೇ ಆದರೂ ಯಂತ್ರಕ್ಕೆ ಬೇರೆ ಬೇರೆ ಪದಗಳಾಗಬಹುದು. ಇದರ ಮೇಲೆ ನಮ್ಮ ವಿಭಕ್ತಿ ಪ್ರತ್ಯಯಗಳು ಬೇರೆ: ‘ಕೊಳವೆಬಾವಿ’ ಎಂದು ಹುಡುಕಿದರೆ ‘ಕೊಳವೆಬಾವಿಗೆ’ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಬೇಡ. ಹಾಗಾಗಿ ಜನ ನಿಜವಾಗಿ ಬರೆಯುವ ರೂಪಗಳನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಬೇಕು.

```
(ಬೋರ್‌ವೆಲ್ OR ಬೋರ್ವೆಲ್ OR ಕೊಳವೆಬಾವಿ OR ಕೊಳವೆಬಾವಿಗೆ OR "ಕೊಳವೆ ಬಾವಿ" OR borewell) -is:retweet
```

ಇದು ಎಕ್ಸ್‌ನ ಎಪಿಐಗೆ, ಅಂದರೆ ನಿಮ್ಮ ಪ್ರೋಗ್ರಾಂ ಎಕ್ಸ್‌ನಿಂದ ಪೋಸ್ಟ್‌ಗಳನ್ನು ಕೇಳಿ ಪಡೆಯುವ ದಾರಿಗೆ, ಕೊಡುವ ರೂಪ. ಇದಕ್ಕೆ ಕನ್ನಡ ಪೋಸ್ಟ್‌ಗಳನ್ನಷ್ಟೇ ಕೊಡುವ `lang:kn` ಸೇರಿಸುವ ಆಸೆ ಸಹಜ, ಆದರೆ ಸೇರಿಸಬೇಡಿ. ಇಂಗ್ಲಿಷ್‌ನಲ್ಲಿ ಬರೆಯುವ ಬೆಂಗಳೂರಿಗರೂ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರಲ್ಲಿ ಹೆಚ್ಚಿನವರೂ ಹೊರಗುಳಿಯುತ್ತಾರೆ. ಬದಲಿಗೆ borewell ಪದದ ಜೊತೆ Bengaluru ಅಥವಾ Bangalore ಇರಲೇಬೇಕೆಂಬ ಷರತ್ತು ಹಾಕಿದರೆ ಬೇರೆ ರಾಜ್ಯಗಳ ಸುದ್ದಿ ಕಡಿಮೆಯಾಗುತ್ತದೆ.

ಹದಿನೈದು ನಿಮಿಷಕ್ಕೊಮ್ಮೆ ಹುಡುಕಿದರೆ ಮೂವರ ತಂಡಕ್ಕೆ ಧಾರಾಳವಾಯಿತು. ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ `*/15 7-21 * * *` ಎಂದು ಬರೆದು ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆಂದು ನಂಬಿ ಕೂರುವವರು ಸರ್ವರ್‌ನ ಗಡಿಯಾರವನ್ನೊಮ್ಮೆ ನೋಡಲಿ. ಅದು ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿದ್ದರೆ ಮೊದಲ ಹುಡುಕಾಟ ನಡೆಯುವುದು ನಮ್ಮ ಮಧ್ಯಾಹ್ನ 12.30ಕ್ಕೆ, ಅಷ್ಟರಲ್ಲಿ ಬೆಳಗಿನ ಚರ್ಚೆ ಮುಗಿದೇ ಹೋಗಿರುತ್ತದೆ. ಪ್ರತಿ ಸಲವೂ ಹಿಂದಿನ ಬಾರಿ ಸಿಕ್ಕವುಗಳಲ್ಲಿ ಅತಿ ಹೊಸ ಪೋಸ್ಟ್‌ನ ಸಂಖ್ಯೆಯನ್ನು `since_id`ಗೆ ಕೊಟ್ಟರೆ ನೋಡಿದ್ದೇ ಮತ್ತೆ ಬರುವುದಿಲ್ಲ.

ಬಂದದ್ದೆಲ್ಲವನ್ನೂ ಮೊಬೈಲಿಗೆ ಕಳಿಸಿದರೆ ವಾರದೊಳಗೆ ಯಾರೂ ನೋಡುವುದಿಲ್ಲ. ಒಂದು ಗಂಟೆಯಲ್ಲಿ ಎಷ್ಟು ಬೇರೆ ಬೇರೆ ಖಾತೆಗಳು ಬರೆದಿವೆ ಎಂದು ಎಣಿಸಿ, ಹಿಂದಿನ ನಾಲ್ಕು ವಾರಗಳ ಅದೇ ದಿನ, ಅದೇ ಗಂಟೆಯ ಸರಾಸರಿಯ ಮೂರು ಪಟ್ಟು ದಾಟಿದಾಗ ಮಾತ್ರ ಸೂಚನೆ ಬರಲಿ. ಪೋಸ್ಟ್‌ಗಳನ್ನೇ ಎಣಿಸಿದರೆ ಒಬ್ಬನೇ ಟ್ಯಾಂಕರ್ ಜಾಹೀರಾತುದಾರ ನಲವತ್ತು ಸಲ ಬರೆದದ್ದೂ ಚರ್ಚೆಯಂತೆ ಕಾಣುತ್ತದೆ. ಎಪಿಐನ ಇತ್ತೀಚಿನ ಪೋಸ್ಟ್‌ಗಳ ಹುಡುಕಾಟ ಏಳು ದಿನಕ್ಕಿಂತ ಹಿಂದೆ ಹೋಗದ ಕಾರಣ ಈ ಎಣಿಕೆಯನ್ನು ನಿಮ್ಮದೇ ಹಾಳೆಯಲ್ಲಿ ಈಗಿನಿಂದಲೇ ಕೂಡಿಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ನೆನೆಯಿರಿ. ಅಂಥ ದಿನ ‘ಹಾಗಾದರೆ ಗಿಡಗಳಿಗೆ ಯಾವ ನೀರು?’ ಎಂಬ ಪ್ರಶ್ನೆ ನಿಮಗೇ ಕೇಳಿದಂತಿರುತ್ತದೆ. ಆದರೆ ‘ಬೋರ್‌ವೆಲ್’ ಪದದ ಏರಿಕೆಗೆ ಕೊಳವೆಬಾವಿಗೆ ಮಗು ಬಿದ್ದ ಸುದ್ದಿಯೂ ಕಾರಣವಾಗಬಹುದು. ಆದ್ದರಿಂದ ಸೂಚನೆ ಬಂದೊಡನೆ ಆ ದಿನದ ಪಾಳಿಯವರು ಮೊದಲ ಹತ್ತು ಪೋಸ್ಟ್‌ಗಳನ್ನು ಓದಿದ ಮೇಲಷ್ಟೇ ಬರೆಯಲಿ, ಮತ್ತು ಓದಿದ ಮೇಲೆ ಉಳಿದಿಬ್ಬರ ಒಪ್ಪಿಗೆಗೆ ಕಾಯದಿರಲಿ.